ಕೆಫೆ ಬಿಟ್ಟು ಮನೆಯಲ್ಲೇ ಕಾಫಿ: ಎರಡು ವರ್ಷದ ನನ್ನ ಲೆಕ್ಕ

ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮುಗಿಸಿ, ಟಿಳಕವಾಡಿಯ ಒಂದು ಕೆಫೆಯಲ್ಲಿ ಕಾಪುಚಿನೋ ಕುಡಿದು ಮನೆಗೆ ಹೋಗೋದು ನನ್ನ ರೂಢಿಯಾಗಿತ್ತು. ಒಂದು ಕಪ್‌ಗೆ ಟ್ಯಾಕ್ಸ್ ಸೇರಿ 160 ರೂಪಾಯಿ ಆಸುಪಾಸು. ಭಾನುವಾರ, ಹಬ್ಬ ಕಳೆದರೆ ವರ್ಷಕ್ಕೆ 300 ದಿನ. ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. 48 ಸಾವಿರ! ವರ್ಕ್‌ಶಾಪ್‌ನಲ್ಲಿ ಕಾಸ್ಟಿಂಗ್ ನೋಡುವವನು ನಾನು. ಒಂದು ಬೋಲ್ಟಿಗೆ ಐವತ್ತು ಪೈಸೆ ಹೆಚ್ಚಾದರೂ ಕೇಳುತ್ತೇನೆ. ಇದನ್ನು ಮಾತ್ರ ಎಂದೂ ನೋಡಿರಲಿಲ್ಲ.

ಮನೆಯಲ್ಲೇ ಮಾಡುತ್ತೇನೆ ಅಂದಾಗ ಆಫೀಸಿನ ಗೆಳೆಯ ಒಪ್ಪಲೇ ಇಲ್ಲ. "ಅಣ್ಣಾ, ಮನ್ಯಾಗ ಮಷಿನ್ ಇಟ್ಟವ್ರು ಮೂರು ತಿಂಗಳಿಗೆ ಮತ್ತ ಇಲ್ಲೇ ಬರ್ತಾರ. ಬೀಜ, ಹಾಲು, ಸಾಮಾನು ಎಲ್ಲಾ ಹಿಡದ್ರ ಕೆಫೆಗಿಂತ ಜಾಸ್ತಿ ಆಕ್ಕೈತಿ ನೋಡ್ರಿ," ಅಂದ. ಮೊದಲ ನಾಲ್ಕು ತಿಂಗಳು ಅವನ ಮಾತೇ ನಿಜವಾಯಿತು.

ಮೊದಲು ತಂದದ್ದು ಏಳು ಸಾವಿರದ ಎಲೆಕ್ಟ್ರಿಕ್ ಮಷಿನ್. ಡಬ್ಬದ ಮೇಲೆ 15 ಬಾರ್ ಒತ್ತಡ ಅಂತ ದೊಡ್ಡದಾಗಿ ಬರೆದಿತ್ತು. ಮೇಲೆ ನೊರೆ ಚೆನ್ನಾಗಿ ಬರುತ್ತಿತ್ತು, ಕೆಳಗೆ ಕಾಫಿ ಮಾತ್ರ ನೀರು ನೀರು. ನೊರೆ ಬರುತ್ತಿದ್ದದ್ದು ಪುಡಿ ತುಂಬುವ ಬುಟ್ಟಿಯ ತಳದ ಒಂದೇ ಸಣ್ಣ ತೂತಿನಿಂದ. ಪುಡಿ ಹೇಗಿದ್ದರೂ ಅದು ನೊರೆ ಎಬ್ಬಿಸುತ್ತದೆ, ಹಾಗಾಗಿ ಪುಡಿಯ ತಪ್ಪು ಕಣ್ಣಿಗೆ ಬೀಳಲೇ ಇಲ್ಲ. ಬೀಜವನ್ನು ಮನೆಯ ಮಿಕ್ಸರ್‌ನಲ್ಲೇ ಪುಡಿ ಮಾಡುತ್ತಿದ್ದೆ. ಅರ್ಧ ಹಿಟ್ಟು, ಅರ್ಧ ನುಚ್ಚು. ಹಿಟ್ಟು ಕಹಿ ಬಿಡುತ್ತಿತ್ತು, ನುಚ್ಚು ಹುಳಿ ಬಿಡುತ್ತಿತ್ತು. ಒಂದೇ ಗುಟುಕಿನಲ್ಲಿ ಎರಡೂ ರುಚಿ ಬಂದರೆ ಪುಡಿಯನ್ನೇ ಅನುಮಾನಿಸಿ. ನಾನು ಬೀಜ ಬದಲಿಸುತ್ತಾ ಹೋದೆ. ಕಾಲು ಕಿಲೋ ಪ್ಯಾಕಿಗೆ 480 ಕೊಟ್ಟು ತರಿಸಿದ ಚಿಕ್ಕಮಗಳೂರಿನ ಬೀಜ, ಹೀಗೆ ಒಂದೂವರೆ ಕಿಲೋ ಹಾಳಾಯಿತು. ಮೂರು ಸಾವಿರ ಹೋಯಿತು. ಈ ನಡುವೆ ಬಾಯಿ ಕೆಟ್ಟು ಐವತ್ತು ಸಲವಾದರೂ ಕೆಫೆಗೆ ಹೋಗಿದ್ದೇನೆ. ಅದೇ ಎಂಟು ಸಾವಿರ.

"ಏನ್ರೀ, ಡಬ್ಬಿ ಮ್ಯಾಲೆ ಡಬ್ಬಿ ಬರಾಕತ್ತಾವು, ಕಾಫಿ ಎಲ್ಲೈತಿ?" ಅಂದಳು ಹೆಂಡತಿ. ಆ ವಾರವೇ ಮಷಿನ್ ಮಾರಿದೆ. ಮೂರು ಸಾವಿರ ಬಂತು.

ಆಮೇಲೆ ದುಡ್ಡು ಹಾಕಿದ್ದು ಗ್ರೈಂಡರ್‌ಗೆ. ಬೀಜ ಒಂದೇ ಸಮ ಅರೆಯುವ ಸ್ಟೀಲ್ ಬರ್ ಇರುವ ಕೈ ಗ್ರೈಂಡರ್, ಆರು ಸಾವಿರ. ಒಲೆಯ ಮೇಲಿಟ್ಟು ಆವಿಯ ಒತ್ತಡದಲ್ಲಿ ಕಾಫಿ ಮಾಡುವ ಮೂರು ಕಪ್ಪಿನ ಮೋಕಾ ಪಾಟ್ 2,400. ಪಾಯಿಂಟ್ ಒಂದು ಗ್ರಾಂ ತೋರಿಸುವ ತಕ್ಕಡಿ 900. ಹಾಲಿನ ನೊರೆಗೆ ಸಣ್ಣ ಫ್ರೆಂಚ್ ಪ್ರೆಸ್ 700. ಒಟ್ಟು ಹತ್ತು ಸಾವಿರ. ಗ್ರೈಂಡರ್‌ಗೆ ಇಷ್ಟು ಯಾಕೆ ಅಂತ ಎಲ್ಲರೂ ಕೇಳಿದರು. ಈಗ ಹೇಳುತ್ತೇನೆ, ನನ್ನ ಇಡೀ ಲೆಕ್ಕ ತಿರುಗಿದ್ದು ಆ ಒಂದು ಸಾಮಾನಿನಿಂದ. ಅದು ಬಂದ ಮೇಲೆ ಪುಡಿ ಕೆಟ್ಟು ಬೀಜ ಚೆಲ್ಲಿದ್ದು ನೆನಪಿಲ್ಲ.

ಮೋಕಾ ಹಿಡಿತಕ್ಕೆ ಬರಲು ಎರಡು ವಾರ ಬೇಕಾಯಿತು. 15 ಗ್ರಾಂ ಬೀಜ, ಪುಡಿ ಚಿರೋಟಿ ರವೆಯ ಹದಕ್ಕೆ. ಕೆಳಗಿನ ಪಾತ್ರೆಗೆ ಕುದಿಸಿದ ನೀರು, ವಾಲ್ವ್‌ಗಿಂತ ಕೆಳಗೆ. ಪುಡಿ ಒತ್ತಬಾರದು. ಅಂಚಿನ ಪುಡಿಯನ್ನು ಬೆರಳಿನಿಂದ ಒರೆಸದಿದ್ದರೆ ಪಕ್ಕದಿಂದ ಬುಸ್ ಅಂತ ಆವಿ ಹೋಗುತ್ತದೆ, ಮೇಲೆ ಅರ್ಧ ಕಾಫಿಯೂ ಬರೋದಿಲ್ಲ. ಸಣ್ಣ ಬರ್ನರ್, ಸಣ್ಣ ಉರಿ. ಮೊದಲು ಕಾಫಿ ಜೇನಿನ ಹಾಗೆ ಮಂದವಾಗಿ, ಕಪ್ಪಗೆ ಮೇಲಕ್ಕೆ ಬರುತ್ತದೆ, ಆಮೇಲೆ ಬಣ್ಣ ತಿಳಿಯಾಗುತ್ತದೆ. ಹಳದಿಗೆ ತಿರುಗಿ ಗುಳುಗುಳು ಶಬ್ದ ಶುರುವಾಗುವ ಮುಂಚೆಯೇ ಇಳಿಸಿ, ತಳವನ್ನು ಒದ್ದೆ ಬಟ್ಟೆಯ ಮೇಲೆ ಇಡುತ್ತೇನೆ. ಆ ಶಬ್ದ ಕೇಳಿಸಿಕೊಂಡು ನಿಂತರೆ ಸುಟ್ಟ ಕಹಿ ಖಂಡಿತ. ಹಾಲಿಗೆ ಮಾಡುವ ಒಂದು ಸಣ್ಣ ಕೆಲಸವಿದೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನೊರೆ ಕೆಫೆಗಿಂತ ನುಣುಪಾಗಿ ಬರುತ್ತದೆ ಅಂತಷ್ಟೇ ಹೇಳಬಲ್ಲೆ.

ಹಾಲಿನ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಬೇಕು. ನಮ್ಮ ಓಣಿಗೆ ಗೌಳ್ಯಾರ ಎಮ್ಮೆ ಹಾಲು ಬರುತ್ತದೆ. ಗಟ್ಟಿ ಹಾಲು, ಇದರಲ್ಲಿ ಅದ್ಭುತ ಆಗುತ್ತದೆ ಅಂದುಕೊಂಡಿದ್ದೆ. ಕೊಬ್ಬು ಎಷ್ಟು ಜಾಸ್ತಿ ಅಂದರೆ ಕಾಫಿಯ ಸುಳಿವೇ ಸಿಗಲಿಲ್ಲ. ಚಹಾಕ್ಕೆ ಅದನ್ನು ಬಿಟ್ಟು ಬೇರೆ ಹಾಲು ಬೇಡ, ಆದರೆ ಇದಕ್ಕೆ ಪ್ಯಾಕೆಟ್ ಹಾಲೇ ಸರಿ. ನೀರಿನದೂ ಹಾಗೆಯೇ. ಬೋರ್ ನೀರಿನಲ್ಲಿ ಮಾಡಿದರೆ ಕಾಫಿ ಸಪ್ಪೆ, ಕೆಟಲ್ ತಳದಲ್ಲಿ ಬಿಳಿ ಪದರ. ರಾಕಸಕೊಪ್ಪ ಜಲಾಶಯದ ನಳದ ನೀರು ಬಂದ ದಿನ ಅದೇ ಬೀಜದಲ್ಲಿ ಹಣ್ಣಿನ ಹುಳಿ ಕಾಣುತ್ತದೆ. ಅದಕ್ಕೇ ಎರಡು ಬಾಟಲಿ ತುಂಬಿಟ್ಟುಕೊಳ್ಳುತ್ತೇನೆ.

ಹಸಿ ಬೀಜ ತಂದು ಮನೆಯಲ್ಲೇ ಹುರಿದೂ ನೋಡಿದೆ. ಕಿಲೋಗೆ ಆರುನೂರು ಕೊಟ್ಟ ನೆನಪು. ಹುರಿದ ಮೇಲೆ 850 ಗ್ರಾಂ ಉಳಿಯಿತು. ಲೆಕ್ಕದಲ್ಲಿ ಭಾರೀ ಉಳಿತಾಯ. ಆದರೆ ಕಬ್ಬಿಣದ ಬಾಣಲೆಯಲ್ಲಿ ಒಂದು ಸಲಕ್ಕೆ 200 ಗ್ರಾಂ ಮೇಲೆ ಆಗೋದಿಲ್ಲ, ಬೀಜ ಎಲ್ಲಾ ಕಡೆ ಒಂದೇ ಸಮ ಕಾಯೋದಿಲ್ಲ, ಹೊಗೆಗೆ ಮೇಲಿನ ಮನೆಯವರು ಕಿಟಕಿ ಮುಚ್ಚಿದರು. ಸದ್ಯಕ್ಕೆ ನಿಲ್ಲಿಸಿದ್ದೇನೆ.

ಉಳಿತಾಯ ಬಂದದ್ದು ಬೇರೆ ದಾರಿಯಿಂದ. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಮೂರು ತಿಂಗಳು ಉಪ್ಪಿನ ಡಬ್ಬಿಯೂ ನೀರು ಬಿಡುತ್ತದೆ. ತೆರೆದ ಪ್ಯಾಕಿನ ಬೀಜದ ಘಮ ಎರಡು ವಾರಕ್ಕೇ ಹೋಗುತ್ತಿತ್ತು. ಈಗ ಕಿಲೋ ಲೆಕ್ಕದಲ್ಲಿ ತರಿಸುತ್ತೇನೆ, 1,650ಕ್ಕೆ ಬರುತ್ತದೆ. ಬಂದ ದಿನವೇ 15 ಗ್ರಾಂನಂತೆ ಸಣ್ಣ ಗಾಜಿನ ಶೀಶೆಗಳಿಗೆ ತುಂಬಿ ಫ್ರೀಜರ್‌ಗೆ. ಬೇಕಾದಾಗ ಒಂದನ್ನೇ ತೆಗೆದು ನೇರ ಗ್ರೈಂಡರ್‌ಗೆ. ದೊಡ್ಡ ಡಬ್ಬಿಯಲ್ಲಿಟ್ಟು ದಿನಾ ತೆರೆದರೆ ತಣ್ಣನೆಯ ಬೀಜದ ಮೇಲೆ ನೀರು ಕೂರುತ್ತದೆ. ಅದನ್ನೂ ಮಾಡಿ ಕಳಕೊಂಡಿದ್ದೇನೆ.

ಈಗ ಲೆಕ್ಕ. ಮೊದಲ ವರ್ಷ ಸಾಮಾನು ಹತ್ತು ಸಾವಿರ, ಮಷಿನ್‌ನ ನಷ್ಟ ನಾಲ್ಕು, ಚೆಲ್ಲಿದ ಬೀಜ ಮೂರು, ಕುಡಿದ ಕಾಫಿ ಹನ್ನೆರಡು, ಕೆಫೆ ಎಂಟು. ಒಟ್ಟು 37 ಸಾವಿರ. ಉಳಿದದ್ದು ಬರೀ 11. ಗ್ರೈಂಡರ್ ಖರ್ಚನ್ನು ಐದು ವರ್ಷಕ್ಕೆ ಹಂಚು ಅಂತ ಗೆಳೆಯ ಈಗ ಹೇಳುತ್ತಾನೆ. ನಾನು ಹಂಚಲಿಲ್ಲ. ಜೇಬಿನಿಂದ ಹೋದದ್ದು ಆ ವರ್ಷವೇ ಅಲ್ವಾ.

ಎರಡನೇ ವರ್ಷ ಒಂದು ಕಪ್‌ಗೆ ಬೀಜ 25, ಹಾಲು ಏಳು, ಗ್ಯಾಸ್ ಒಂದು, ಅಂದರೆ 33 ರೂಪಾಯಿ. ಮನೆಯಲ್ಲಿ ಭಾನುವಾರ, ಹಬ್ಬಕ್ಕೂ ರಜೆ ಇಲ್ಲ, ವರ್ಷದ 365 ದಿನಕ್ಕೆ 12 ಸಾವಿರ. ಆದರೆ ಇಲ್ಲೊಂದು ಖರ್ಚು ಯಾರೂ ಬರೆಯೋದಿಲ್ಲ. ಸಾಮಾನು ಮನೆಯಲ್ಲಿದ್ದರೆ ಎರಡನೇ ಕಪ್ ತಾನಾಗಿ ಬರುತ್ತದೆ. ನಾನು ಅರ್ಧ ದಿನಗಳಾದರೂ ಬೆಳಿಗ್ಗೆ ಚಹಾ ಬಿಟ್ಟು ಇದನ್ನೇ ಕುಡಿದಿದ್ದೇನೆ, ಆರು ಸಾವಿರ. ತಿಂಗಳಿಗೆರಡು ಸಲ ಗೆಳೆಯರ ಜೊತೆ ಕೆಫೆ, ನಾಲ್ಕು ಸಾವಿರ. ಗ್ಯಾಸ್ಕೆಟ್, ಬ್ರಷ್ ಅಂತ ಐನೂರು. ಒಟ್ಟು ಇಪ್ಪತ್ತೆರಡೂವರೆ ಸಾವಿರ. ಕೆಫೆಯ ಲೆಕ್ಕದ ಅರ್ಧಕ್ಕಿಂತ ಕಡಿಮೆ, ಅದೂ ಹೆಚ್ಚು ಕಪ್ ಕುಡಿದು.

ಹೋದ ತಿಂಗಳು ಆ ಗೆಳೆಯ ಮನೆಗೆ ಬಂದಿದ್ದ. ಎರಡು ಕಪ್ ಕುಡಿದ. "ಅಣ್ಣಾ, ಗ್ರೈಂಡರ್ ಯಾವುದು ತಗೊಳ್ಳಲಿ?" ಅಂತ ಕೇಳಿ, ಮೋಕಾದ ಗ್ಯಾಸ್ಕೆಟ್ ಅಳತೆಯನ್ನೂ ಬರೆದುಕೊಂಡು ಹೋದ.