50 ಪೈಸೆ ಕಾರ್ಡಿಗೆ ವಾಪಸ್ ಬಂದ ಗೆಳೆಯ

"ಮುಗಿದುಹೋದ ಸ್ನೇಹ, ಯಾಕಪ್ಪಾ ಕೆದಕ್ತೀಯ?" ಅಂತ ಎಲ್ಲರೂ ಅಂದರು. ಈಗ ಅವನೂ ನಾನೂ ಆಗಾಗ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಜಗಳ ದುಡ್ಡಿನದ್ದು. ಇಬ್ಬರೂ ಸೇರಿ ಹನುಮಂತನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೆವು. ಖಾಲಿ ಮಾಡುವಾಗ ಓನರ್ ಪೇಂಟಿಂಗು, ರಿಪೇರಿ ಅಂತ ಅಡ್ವಾನ್ಸಿನಲ್ಲಿ ಸುಮಾರು 18 ಸಾವಿರ ಮುರಿದುಕೊಂಡರು. ಅದು ಯಾರ ತಲೆಗೆ ಅನ್ನೋದರಲ್ಲಿ ಮಾತಿಗೆ ಮಾತು ಬೆಳೆಯಿತು. ಏಳೆಂಟು ವರ್ಷ ಮುಖ ನೋಡಲಿಲ್ಲ.

ಮೊದಲು ಯುಗಾದಿಗೆ ವಾಟ್ಸಾಪ್‌ನಲ್ಲಿ ಶುಭಾಶಯ ಕಳಿಸಿದೆ. ವಾರಗಟ್ಟಲೆ ಒಂದೇ ಟಿಕ್. ನಂಬರ್ ಬದಲಾಯಿತಾ ಅಂತ ಯುಪಿಐ ಆಪ್‌ನಲ್ಲಿ ಹಾಕಿ ನೋಡಿದೆ. ಬ್ಯಾಂಕಿನಲ್ಲಿರುವ ಹೆಸರು ತೋರಿಸುತ್ತದಲ್ಲ, ಅವನದೇ ಬಂತು. ಬ್ಲಾಕ್ ಮಾಡಿದ್ದಾನೆ ಅಂದುಕೊಂಡೆ. ಸರಿ, ಅಲ್ಲೇ 5 ಸಾವಿರ ಹಾಕಿಬಿಟ್ಟೆ. ಮಾರನೇ ದಿನವೇ ವಾಪಸ್ ಬಂತು! ಮಾತಿಲ್ಲದೆ ಬರೀ ದುಡ್ಡು ಹೋದರೆ, ಲೆಕ್ಕ ಚುಕ್ತಾ ಮಾಡಿ ಕೈತೊಳೆದುಕೊಂಡ ಹಾಗೆ ಕಾಣುತ್ತದೆ. ಇಬ್ಬರಿಗೂ ಬೇಕಾದವನೊಬ್ಬನನ್ನು ಕಳಿಸಿದೆ. ಅವನು ಎರಡೂ ಕಡೆ ಒಗ್ಗರಣೆ ಹಾಕಿ ಬಂದ.

ಕೊನೆಗೆ ಪೋಸ್ಟ್ ಕಾರ್ಡ್. ಬೆಲೆ 50 ಪೈಸೆ. ಹೆಂಡತಿ ನಕ್ಕಳು. ಎಷ್ಟು ದಿನಕ್ಕೆ ಬರುತ್ತೆ ನೋಡೋಣ ಅಂತ ಮೊದಲು ನನ್ನ ವಿಳಾಸಕ್ಕೇ ಒಂದು ಹಾಕಿಕೊಂಡೆ. ಮೂರ್ನಾಲ್ಕು ದಿನಕ್ಕೆ ಬಂತು. ಬೆಂಗಳೂರಿನಲ್ಲಿ ಬಾಡಿಗೆಯವರು ಮನೆ ಬದಲಾಯಿಸುತ್ತಲೇ ಇರುತ್ತಾರೆ, ಹಾಗಾಗಿ ಅವನ ಅಪ್ಪ ಅಮ್ಮನ ಸ್ವಂತ ಮನೆಗೆ ಕಳಿಸಿದೆ.

ಕಾರ್ಡಿನಲ್ಲಿ ಟಿಕ್ ಇಲ್ಲ, ಓದಿದನೋ ಇಲ್ಲವೋ ನಮಗೆ ಗೊತ್ತಾಗಲ್ಲ. ತಕ್ಷಣ ಉತ್ತರ ಕೊಡಬೇಕು ಅನ್ನೋ ಒತ್ತಡ ಅವನಿಗೂ ಇಲ್ಲ. ಆದರೆ ಮನೆಯವರೆಲ್ಲ ಓದುತ್ತಾರೆ. ಅದಕ್ಕೇ ಜಗಳ, ದುಡ್ಡು ಎರಡನ್ನೂ ಎತ್ತಲಿಲ್ಲ. "ನಮ್ಮ ಹಳೇ ಮಷೀನು ಪೇಪರ್ ನುಂಗಿದಾಗ ನೀನು ಬೈತಿದ್ದದ್ದು ಇವತ್ತು ನೆನಪಾಯ್ತು. ಅಮ್ಮನ ಮಂಡಿ ನೋವು ಹೇಗಿದೆ?" ಇಷ್ಟೇ, ಕೆಳಗೆ ಫೋನ್ ನಂಬರ್. ಅಮ್ಮನೇ ಮೊದಲು ಓದಿದರಂತೆ. ಅಲ್ಲೇ ಕೆಲಸ ಆಯ್ತು.

ಇದೇ ಧೈರ್ಯದಲ್ಲಿ ಇನ್ನೊಬ್ಬ ಹಳೇ ಗೆಳೆಯನಿಗೆ ಕವರಿನಲ್ಲಿ ಉದ್ದದ ಕಾಗದ ಬರೆದೆ. ಉತ್ತರ ಇಲ್ಲ. ಕವರ್ ನೋಡಿ ನೋಟಿಸ್ ಅಂದುಕೊಂಡನೋ ಏನೋ. ಎರಡನೇದು ಬರೆಯಲು ಹೋಗಲಿಲ್ಲ. ಉತ್ತರ ಬರದ ಕಡೆ ಮತ್ತೆ ಮತ್ತೆ ಬರೆದರೆ ಕಾಟ ಕೊಟ್ಟ ಹಾಗಾಗುತ್ತದೆ.

ಮೊದಲನೆಯವನಿಗೆ ಕಾರ್ಡ್ ಹಾಕಿ ಹದಿನೈದು ದಿನ ಆಗಿರಬೇಕು, "ಎಲ್ಲೋ ಇದೀಯಾ?" ಅಂತ ಅವನ ಮೆಸೇಜ್ ಬಂತು. ಭೇಟಿಗೆ ನಿಂತು ತಿನ್ನುವ ದರ್ಶಿನಿಯನ್ನೇ ಆರಿಸಿದೆ. ಮಾತು ಸರಿಹೋಗದಿದ್ದರೆ ಕಾಫಿ ಮುಗಿಸಿ ಹೊರಡಬಹುದು, ಅಲ್ವಾ? ದುಡ್ಡಿನ ಮಾತನ್ನು ಅವನೇ ತೆಗೆಯಲಿ ಅಂತ ಕಾದೆ. ಮೂರನೇ ಸಲವೋ ನಾಲ್ಕನೇ ಸಲವೋ ತೆಗೆದ. ಅರ್ಧ ಅರ್ಧ ಅಂತಾಯಿತು. 9 ಸಾವಿರ ಅಲ್ಲೇ ಕಳಿಸಿದೆ. ಈ ಸಲ ವಾಪಸ್ ಬರಲಿಲ್ಲ.