ನಡುರಾತ್ರಿ ರೈಲು: ವೇಳಾಪಟ್ಟಿಯಲ್ಲಿ ತಾರೀಖು ನೋಡುವುದು ಹೇಗೆ?

ನಮ್ಮ ಕಾಕಾ ಕಲಬುರಗಿ ಸ್ಟೇಷನ್‌ಗೆ ಒಂದು ತಾಸು ಮೊದಲೇ ಹೋಗಿ ಕೂತಿದ್ದರು. ಟಿಕೆಟ್ 9ನೇ ತಾರೀಖಿನದು, ಹೊರಡುವ ಸಮಯ 00:25. ಕಾಕಾ ಹೋಗಿದ್ದು 9ರ ರಾತ್ರಿ ಹನ್ನೊಂದೂವರೆಗೆ. ರೈಲು ಅಷ್ಟರೊಳಗೆ ಹೋಗಿ ಹತ್ತಿರ ಹತ್ತಿರ ಒಂದು ದಿನವೇ ಆಗಿತ್ತು! ಇಂಥವರನ್ನು ಎಷ್ಟೋ ಮಂದಿಯನ್ನು ನೋಡಿದ್ದೇನೆ.

ಮೊದಲು ರೈಲಿನ ಐದಂಕಿಯ ನಂಬರ್ ಹುಡುಕಿ. ಹೆಸರಿನ ಮೇಲೆ ಹೋಗಬೇಡಿ, ಹೋಗುವುದಕ್ಕೊಂದು ನಂಬರ್, ಬರುವುದಕ್ಕೊಂದು ನಂಬರ್ ಇರುತ್ತದೆ. ಆಮೇಲೆ ನಿಮ್ಮ ಊರಿನ ಸಾಲಿಗೆ ಬನ್ನಿ. ರೈಲು ಬರುವ ಸಮಯ ಒಂದು ಕಡೆ, ಬಿಡುವ ಸಮಯ ಇನ್ನೊಂದು ಕಡೆ. ಹತ್ತುವವರಿಗೆ ಬಿಡುವ ಸಮಯ ಮುಖ್ಯ.

ಈಗ ನಿಜವಾದ ತೊಡಕು. ಸಮಯ 00, 01, 02, 03 ಎಂದು ಶುರುವಾಗಿದ್ದರೆ ಅಲ್ಲೇ ನಿಲ್ಲಿ. ನಾವು ಬೆಳಕು ಹರಿಯುವವರೆಗೂ 'ಸೋಮವಾರ ರಾತ್ರಿ' ಎನ್ನುತ್ತೇವೆ. ರೈಲ್ವೆಯ ಗಡಿಯಾರದಲ್ಲಿ ರಾತ್ರಿ ಹನ್ನೆರಡಕ್ಕೇ ಮಂಗಳವಾರ ಆಗಿಬಿಡುತ್ತದೆ. 9ನೇ ತಾರೀಖು ಸೋಮವಾರ ಎಂದಿಟ್ಟುಕೊಳ್ಳಿ. 9ರ 00:25ರ ರೈಲು ಹಿಡಿಯಬೇಕೆಂದರೆ 8ನೇ ತಾರೀಖು, ಭಾನುವಾರ ರಾತ್ರಿ ಊಟ ಮುಗಿಸಿ ಮನೆ ಬಿಡಬೇಕು. ಸೋಮವಾರ ರಾತ್ರಿ ಹೊರಡುವ ಮನಸ್ಸಿದ್ದರೆ ಟಿಕೆಟ್ 10ನೇ ತಾರೀಖಿಗೆ ತೆಗೆಸಬೇಕು. ಟಿಕೆಟ್ ಮೇಲೆಯೇ ಪೆನ್ನಿನಿಂದ 'ಭಾನುವಾರ ರಾತ್ರಿ ಮನೆ ಬಿಡುವುದು' ಎಂದು ಬರೆದಿಡಿ. ನಾನಂತೂ ಹಾಗೇ ಮಾಡುತ್ತೇನೆ. ಫೋನಿನ ಅಲಾರಂ ನಂಬುವವರು ನಂಬಲಿ, ತಪ್ಪು ದಿನಕ್ಕೆ ಇಟ್ಟರೆ ಅದೂ ತಪ್ಪು ದಿನವೇ ಹೊಡೆದುಕೊಳ್ಳುತ್ತದೆ.

ದಿನಾ ಓಡುವ ರೈಲಾದರೆ ಇಷ್ಟು ಸಾಕು. ವಾರಕ್ಕೆ ಎರಡೇ ದಿನ ಓಡುವ ರೈಲಿನಲ್ಲಿ ಇನ್ನೊಂದು ಪೇಚು ಇದೆ. ಅಚ್ಚಾದ ಪಟ್ಟಿಯಲ್ಲಿ 'ಸೋಮ, ಗುರು' ಎಂದಿದ್ದರೆ ಸಾಮಾನ್ಯವಾಗಿ ಅದು ರೈಲು ತನ್ನ ಮೊದಲ ಸ್ಟೇಷನ್ ಬಿಡುವ ದಿನ, ಕಲಬುರಗಿಗೆ ಬರುವ ದಿನವಲ್ಲ. ಸೋಮವಾರ ಮಧ್ಯಾಹ್ನ ಅಲ್ಲಿ ಹೊರಟು 00:25ಕ್ಕೆ ಇಲ್ಲಿಗೆ ಬಂದರೆ ಇಲ್ಲಿ ಮಂಗಳವಾರ. ಗುರುವಾರದ್ದು ಇಲ್ಲಿ ಶುಕ್ರವಾರ. ಕಂಡುಹಿಡಿಯುವುದು ಸುಲಭ: ಮೊದಲ ಸ್ಟೇಷನ್ನಿನ ಸಮಯದಿಂದ ಬೆರಳಿಟ್ಟು ಕೆಳಗೆ ಬನ್ನಿ. 22, 23 ಎಂದು ಏರುತ್ತಾ ಬಂದ ಅಂಕಿ ಒಮ್ಮೆಲೇ 00ಗೆ ಇಳಿದರೆ ಒಂದು ದಿನ ಕೂಡಿಸಿ. ಎರಡು ಸಲ ಇಳಿದರೆ ಎರಡು ದಿನ. ಟಿಕೆಟ್ಟಿಗೆ ಮಾತ್ರ ನೀವು ಹತ್ತುವ ಸ್ಟೇಷನ್ನಿನ ತಾರೀಖನ್ನೇ ಕೊಡಬೇಕು.

ವಾಟ್ಸಾಪ್‌ನಲ್ಲಿ ಬರುವ ವೇಳಾಪಟ್ಟಿಯ ಫೋಟೋ ಯಾವ ವರ್ಷದ್ದೋ ಗೊತ್ತಿರುವುದಿಲ್ಲ, ಅಂಚು ಕತ್ತರಿಸಿ ದಿನದ ಕಾಲಂ ಬೇರೆ ಹೋಗಿರುತ್ತದೆ. ಸುಮ್ನೆ ಅಳಿಸಿಬಿಡಿ. ಅನುಮಾನ ಬಂದರೆ 139ಕ್ಕೆ ಫೋನ್ ಮಾಡಿ, 'ಈ ನಂಬರಿನ ರೈಲು ಕಲಬುರಗಿಯಿಂದ ಯಾವ ತಾರೀಖು, ಎಷ್ಟು ಗಂಟೆಗೆ ಬಿಡುತ್ತದೆ?' ಎಂದು ಕೇಳಿ. 'ಸೋಮವಾರ ರಾತ್ರಿ ರೈಲು ಇದೆಯಾ?' ಎಂದು ಕೇಳಿದಿರೋ, ಮತ್ತೆ ಕಾಕಾನ ಪಾಡೇ.