ಕಥೆಯ ಕೊನೆಯ ಸಾಲು ಅಳಿಸಿ, ಆಮೇಲೆ ಪ್ರಶ್ನೆ ಬರೆಯಿರಿ
ಐದನೇ ತರಗತಿಗೆ ಜನಪದ ಕಥೆಯಿಂದ ಓದಿ-ಗ್ರಹಿಸುವ ಅಭ್ಯಾಸ ತಯಾರಿಸುವ ಬಗೆ

ಐದನೇ ತರಗತಿಯ ಮಕ್ಕಳು ಬರೆದ ಉತ್ತರಗಳ ಒಂದು ಕಟ್ಟನ್ನು ಸಹೋದ್ಯೋಗಿಯೊಬ್ಬರು ನನ್ನ ಮುಂದಿಟ್ಟರು. ಎಲ್ಲರಿಗೂ ಪೂರ್ತಿ ಅಂಕ ಬಂದಿತ್ತು. ಪ್ರಶ್ನೆ ಹೀಗಿತ್ತು: ‘ಕಳ್ಳನು ಕೋಲನ್ನು ಏಕೆ ಕತ್ತರಿಸಿದನು?’ ಗದ್ಯಭಾಗದಲ್ಲಿ ಹೀಗಿತ್ತು: ‘ಕಳ್ಳನು ಭಯದಿಂದ ಕೋಲನ್ನು ಕತ್ತರಿಸಿದನು.’ ಮಕ್ಕಳು ಆ ಸಾಲು ಹುಡುಕಿ ನಕಲು ಮಾಡಿದ್ದರು. ಹಾಳೆಯ ಮೇಲೆ ‘ಊಹಿಸಿ ಉತ್ತರಿಸಿ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು, ಆದರೆ ಊಹಿಸುವ ಕೆಲಸವನ್ನು ಒಂದು ಮಗುವೂ ಮಾಡಿರಲಿಲ್ಲ.

ಪ್ರಶ್ನೆಯನ್ನು ಎಷ್ಟು ತಿದ್ದಿದರೂ ಇದು ಸರಿಹೋಗುವುದಿಲ್ಲ. ತಿದ್ದಬೇಕಾದದ್ದು ಕಥೆಯನ್ನು. ಅದೇ ಕೋಲಿನ ಕಥೆಯನ್ನು ಇಟ್ಟುಕೊಂಡು ಹೇಗೆಂದು ಹೇಳುತ್ತೇನೆ.

ಹಂತ 1: ಕಥೆ ಆರಿಸುವುದು

ಒಂದು ಗುಟ್ಟು ಅಥವಾ ಒಂದು ಉಪಾಯ ಇರುವ ಕಥೆ ಬೇಕು. ಮಕ್ಕಳಿಗೆ ಬಾಯಿಪಾಠವಾಗಿರುವ ಕಥೆ ಬೇಡ. ಆಮೆ ಮೊಲದ ಓಟ ಕೊಟ್ಟರೆ ಮಗು ಹಾಳೆ ನೋಡದೆಯೇ ಉತ್ತರ ಬರೆಯುತ್ತದೆ, ನಾವು ಅಳೆದದ್ದು ಓದನ್ನೋ ನೆನಪನ್ನೋ ಎಂದು ತಿಳಿಯುವುದೇ ಇಲ್ಲ. ಉದ್ದ 70ರಿಂದ 200 ಪದ ಸಾಕು. ಕನ್ನಡದ ಒಂದು ಪದದೊಳಗೆ ವಿಭಕ್ತಿ, ಕಾಲ, ಲಿಂಗ ಎಲ್ಲವೂ ತುಂಬಿರುತ್ತವೆ. ಇಂಗ್ಲಿಷ್ ಅಭ್ಯಾಸ ಪುಸ್ತಕದ ಪದಗಳ ಲೆಕ್ಕವನ್ನು ಇಲ್ಲಿಗೆ ತಂದರೆ ಮಗುವಿಗೆ ಭಾರವಾಗುತ್ತದೆ.

ಹಂತ 2: ಕಥೆಯಿಂದ ವಿವರಣೆ ತೆಗೆಯುವುದು

ಎಲ್ಲರೂ ಎಡವುವುದು ಇಲ್ಲಿಯೇ. ಕಥೆ ಹೇಳುವವರಿಗೆ ಕೊನೆಯಲ್ಲಿ ಗುಟ್ಟು ಬಿಡಿಸಿ ಹೇಳುವ ಆಸೆ ಇರುತ್ತದೆ. ಕೇಳುವವರಿಗೆ ಅದು ಚೆನ್ನ. ಅಭ್ಯಾಸದ ಹಾಳೆಯಲ್ಲಿ ಅದೇ ಸಾಲು ಮಗು ಮಾಡಬೇಕಾದ ಕೆಲಸವನ್ನು ಮಾಡಿ ಮುಗಿಸಿಬಿಡುತ್ತದೆ.

ಕೋಲಿನ ಕಥೆ ಸಾಮಾನ್ಯವಾಗಿ ಹೀಗೆ ಮುಗಿಯುತ್ತದೆ: ‘ತನ್ನ ಕೋಲು ಬೆಳೆದುಬಿಡುತ್ತದೆ ಎಂಬ ಭಯದಿಂದ ಕಳ್ಳನಾದ ಸೋಮನು ರಾತ್ರಿಯೇ ಅದನ್ನು ಒಂದು ಬೆರಳಿನಷ್ಟು ಕತ್ತರಿಸಿದ್ದನು. ನಿಜವಾಗಿ ಕೋಲುಗಳಲ್ಲಿ ಯಾವ ಮಂತ್ರವೂ ಇರಲಿಲ್ಲ. ಜಾಣೆಯಾದ ಅಜ್ಜಿ ಹೀಗೆ ಕಳ್ಳನನ್ನು ಹಿಡಿದಳು.’ ಯಾರು ಕದ್ದರು, ರಾತ್ರಿ ಏನು ಮಾಡಿದ, ಏಕೆ ಮಾಡಿದ, ಮಂತ್ರ ನಿಜವೇ, ಅಜ್ಜಿ ಎಂಥವಳು ಎಂಬ ಐದು ಪ್ರಶ್ನೆಗಳು ಈ ಮೂರು ವಾಕ್ಯಗಳಲ್ಲಿ ಸತ್ತುಹೋಗಿವೆ. ಮೂರನ್ನೂ ಅಳಿಸಿ. ಕೆಳಗೆ ‘ನೀತಿ’ ಎಂದು ಏನಾದರೂ ಇದ್ದರೆ ಅದನ್ನೂ ಅಳಿಸಿ.

ಅಳಿಸಿದರಷ್ಟೇ ಸಾಲದು, ವಿವರಣೆ ಹೋದ ಜಾಗದಲ್ಲಿ ಸುಳಿವು ಇಡಬೇಕು. ನಾನು ಸಿದ್ಧಪಡಿಸಿದ ಪಾಠ ಇದು:

> ವ್ಯಾಪಾರಿಯ ಮನೆಯಲ್ಲಿ ಹಣದ ಚೀಲ ಕಳುವಾಯಿತು. ಆ ಹೊತ್ತು ಮನೆಯಲ್ಲಿದ್ದವರು ನಾಲ್ವರು ಆಳುಗಳು. ಊರಿನ ಹಿರಿಯಜ್ಜಿ ಅವರನ್ನು ಕರೆಸಿದಳು. ಒಂದೇ ಅಳತೆಯ ನಾಲ್ಕು ಕೋಲುಗಳನ್ನು ಮುಂದಿಟ್ಟು, “ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಿ. ಇವು ಮಂತ್ರದ ಕೋಲುಗಳು. ಕದ್ದವರ ಕೋಲು ಬೆಳಗಾಗುವುದರೊಳಗೆ ಒಂದು ಬೆರಳು ಬೆಳೆಯುತ್ತದೆ” ಎಂದಳು. ಒಬ್ಬೊಬ್ಬರನ್ನೂ ಒಂದೊಂದು ಕೋಣೆಯಲ್ಲಿರಿಸಿ ಹೊರಗಿನಿಂದ ಅಗಳಿ ಹಾಕಿಸಿದಳು.
>
> ಮೂವರು ಕೋಲನ್ನು ಮೂಲೆಗೆ ಒರಗಿಸಿ ಮಲಗಿದರು. ಸೋಮನ ಕೋಣೆಯಲ್ಲಿ ಬಹಳ ಹೊತ್ತು ದೀಪ ಉರಿಯುತ್ತಿತ್ತು.
>
> ಬೆಳಿಗ್ಗೆ ಅಜ್ಜಿ ನಾಲ್ಕೂ ಕೋಲುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದಳು. ಮೂರು ಸಮವಾಗಿದ್ದವು. ಒಂದು ಕೋಲು ಒಂದು ಬೆರಳು ಗಿಡ್ಡವಾಗಿತ್ತು. ಅವಳು ಸೋಮನ ಕಡೆ ತಿರುಗಿ, “ಚೀಲ ಎಲ್ಲಿದೆ, ಮಗಾ?” ಎಂದು ಕೇಳಿದಳು.

ಇದರಲ್ಲಿ ‘ಭಯ’ ಇಲ್ಲ, ‘ಕತ್ತರಿಸಿದ’ ಇಲ್ಲ, ‘ಕಳ್ಳ’ ಇಲ್ಲ. ಆದರೂ ಗಮನವಿಟ್ಟು ಓದಿದ ಮಗುವಿಗೆ ಮೂರೂ ಸಿಗುತ್ತವೆ.

ಬರೆಯುವಾಗ ಮೂರು ಕಡೆ ಕೈ ಜಾರುತ್ತದೆ. ಮೊದಲನೆಯದು ಒತ್ತು ಕೊಡುವ ಪದಗಳು, ಪ್ರತ್ಯಯಗಳು. ಒಂದು ಕರಡಿನಲ್ಲಿ ನಾನು ‘ಸೋಮನ ಕೋಣೆಯಲ್ಲಿ ಮಾತ್ರ’ ಎಂದು ಬರೆದಿದ್ದೆ. ಆ ‘ಮಾತ್ರ’ ಬೆರಳು ಮಾಡಿ ತೋರಿಸುತ್ತದೆ. ‘ಸೋಮನೇ’ ಎಂಬಲ್ಲಿನ ‘ಏ’ ಕೂಡ ಅದನ್ನೇ ಮಾಡುತ್ತದೆ. ಮೂವರು ಮಲಗಿದರು ಎಂಬ ಹಿಂದಿನ ವಾಕ್ಯ ಇದ್ದೇ ಇದೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡುವ ಕೆಲಸ ಮಗುವಿನದು. ‘ಹೆದರಿ’, ‘ಉಪಾಯವಾಗಿ’, ‘ಕಳವಳದಿಂದ’ ಇಂಥ ಪದಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕರಡು ಮುಗಿದ ಮೇಲೆ ಇವನ್ನೇ ಹುಡುಕಿಕೊಂಡು ಒಮ್ಮೆ ಓದಿ.

ಎರಡನೆಯದು, ಯಾರ ಮಾತು ಯಾರ ಬಾಯಲ್ಲಿ ಎಂಬುದು. ‘ಇವು ಮಂತ್ರದ ಕೋಲುಗಳು’ ಎಂಬುದು ಅಜ್ಜಿಯ ಮಾತು, ಉದ್ಧರಣ ಚಿಹ್ನೆಯೊಳಗೆ ಇದೆ. ಅದನ್ನೇ ‘ಅಜ್ಜಿ ನಾಲ್ಕು ಮಂತ್ರದ ಕೋಲುಗಳನ್ನು ಮುಂದಿಟ್ಟಳು’ ಎಂದು ಬರೆದರೆ ಕಥೆ ಹೇಳುವವರೇ ಮಂತ್ರವಿದೆ ಎಂದು ಸಾಕ್ಷಿ ನುಡಿದ ಹಾಗೆ. ಆಮೇಲೆ ‘ಮಂತ್ರ ನಿಜವೇ?’ ಎಂದು ಕೇಳಿದರೆ ‘ಹೌದು’ ಎಂದ ಮಗುವೇ ಸರಿ.

ಮೂರನೆಯದು, ಒಂದೇ ಪದವನ್ನು ಮತ್ತೆ ಬಳಸಲು ಸಂಕೋಚ. ‘ಒಂದು ಬೆರಳು ಬೆಳೆಯುತ್ತದೆ’ ಎಂದವರು ಮುಂದೆ ಚಂದಕ್ಕಾಗಿ ‘ತುಸು ಗಿಡ್ಡವಾಗಿತ್ತು’ ಎಂದು ಬದಲಿಸುತ್ತಾರೆ. ಸುಳಿವಿನ ದಾರ ಅಲ್ಲೇ ಕಡಿಯುತ್ತದೆ. ಬೆಳೆಯಬೇಕಿದ್ದದ್ದು ಒಂದು ಬೆರಳು, ಗಿಡ್ಡವಾಗಿದ್ದದ್ದೂ ಒಂದು ಬೆರಳು. ಈ ಹೊಂದಿಕೆಯಿಂದಲೇ ಮಗು ‘ಕತ್ತರಿಸಿದ್ದಾನೆ’ ಎಂಬಲ್ಲಿಗೆ ತಲುಪುವುದು. ಸುಳಿವಿನ ಪದವನ್ನು ಎರಡೂ ಕಡೆ ಅಕ್ಷರ ಬದಲಿಸದೆ ಇಡಿ.

ಇಷ್ಟಾದ ಮೇಲೆ ಒಂದು ಅಳತೆಗೋಲು. ಊಹಿಸಬೇಕಾದ ಪ್ರತಿಯೊಂದು ಸಂಗತಿಗೂ ಕಥೆಯಲ್ಲಿ ಕನಿಷ್ಠ ಎರಡು ಸುಳಿವು ಇರಬೇಕು, ಎರಡೂ ಬೇರೆ ಬೇರೆ ವಾಕ್ಯಗಳಲ್ಲಿ ಇರಬೇಕು. ಒಂದೇ ಇದ್ದರೆ ಮಗು ಕತ್ತಲಲ್ಲಿ ಕಲ್ಲೆಸೆದ ಹಾಗೆ. ದೀಪದ ಸಾಲು ತೆಗೆದು ನೋಡಿ: ಸೋಮನ ರಾತ್ರಿ ಪೂರ್ತಿ ಬರಿದಾಗುತ್ತದೆ.

ಹಂತ 3: ಪ್ರಶ್ನೆಗಳು

ಆರಕ್ಕಿಂತ ಹೆಚ್ಚು ಬೇಡ, ನನಗೆ ಐದೇ ಇಷ್ಟ. ನಾಲ್ಕನೇ ತರಗತಿಯ ಮಕ್ಕಳಿಗಾಗಿ 2001ರಿಂದ ನಡೆಯುತ್ತಿರುವ ಪರ್ಲ್ಸ್ ಎಂಬ ಅಂತರರಾಷ್ಟ್ರೀಯ ಓದಿನ ಪರೀಕ್ಷೆಯಲ್ಲಿ, ಪಠ್ಯದಲ್ಲಿ ನೇರವಾಗಿ ಇರುವುದನ್ನು ಹುಡುಕುವ ಪ್ರಶ್ನೆಗಳಿಗೆ ಸುಮಾರು ಶೇ 20ರಷ್ಟು ಪಾಲು. ಐದರಲ್ಲಿ ಒಂದು ಎಂದಾಯಿತು. ಆ ಒಂದನ್ನು ಮೊದಲು ಇಡಿ, ಅದೂ ಮುಂದಿನ ಪ್ರಶ್ನೆಗಳಿಗೆ ಮೆಟ್ಟಿಲಾಗುವಂಥದ್ದನ್ನು:

1. ಕದ್ದವರ ಕೋಲು ಏನಾಗುತ್ತದೆ ಎಂದು ಅಜ್ಜಿ ಹೇಳಿದಳು?
2. ಮೂವರು ಆಳುಗಳು ಕೋಲಿನ ಚಿಂತೆ ಮಾಡದೆ ಮಲಗಿದ್ದು ಏಕಿರಬಹುದು?
3. ದೀಪ ಉರಿಯುತ್ತಿದ್ದಾಗ ಸೋಮ ಏನು ಮಾಡುತ್ತಿದ್ದಿರಬೇಕು? ನಿನಗೆ ಹೇಗೆ ಗೊತ್ತಾಯಿತು?
4. ಕೋಲುಗಳಲ್ಲಿ ನಿಜವಾಗಿ ಮಂತ್ರವಿತ್ತೇ? ಕಥೆಯಿಂದಲೇ ಆಧಾರ ಕೊಡು.
5. ಅಜ್ಜಿಯ ಮಾತನ್ನು ಸೋಮ ನಂಬದೇ ಇದ್ದಿದ್ದರೆ, ಬೆಳಿಗ್ಗೆ ಅಜ್ಜಿಗೆ ಏನು ಕಾಣುತ್ತಿತ್ತು?

ಮೂರನೆಯದನ್ನು ‘ಸೋಮ ಕೋಲನ್ನು ಏಕೆ ಕತ್ತರಿಸಿದ?’ ಎಂದು ಕೇಳಿಬಿಟ್ಟರೆ ಕತ್ತರಿಸಿದ ಗುಟ್ಟನ್ನು ಪ್ರಶ್ನೆಯೇ ಹೇಳಿಬಿಟ್ಟಿತು. ಕಥೆಯಿಂದ ಅಷ್ಟು ಕಷ್ಟಪಟ್ಟು ತೆಗೆದದ್ದು ಪ್ರಶ್ನೆಯ ಬಾಗಿಲಿನಿಂದ ಒಳಗೆ ಬರಬಾರದು.

ಸಿದ್ಧ ಹಾಳೆಗಳಲ್ಲಿ ತಪ್ಪದೆ ಕಾಣುವ ಎರಡು ಪ್ರಶ್ನೆಗಳನ್ನು ನಾನು ಎಂದೂ ಸೇರಿಸುವುದಿಲ್ಲ. ‘ಈ ಕಥೆಯ ನೀತಿ ಏನು?’ ಎಂದರೆ ಮಕ್ಕಳು ‘ಕಳ್ಳತನ ಮಾಡಬಾರದು’ ಎಂದು ಬರೆಯುತ್ತಾರೆ, ಅದನ್ನು ಬರೆಯಲು ಕಥೆ ಓದುವ ಅಗತ್ಯವೇ ಇಲ್ಲ. ‘ನೀನು ಸೋಮನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂಬುದು ಅಭಿಪ್ರಾಯದ ಪ್ರಶ್ನೆ. ಮಾತುಕತೆಗೆ ಒಳ್ಳೆಯದು, ಊಹೆಯ ಲೆಕ್ಕಕ್ಕೆ ಬರುವುದಿಲ್ಲ. ಇಂಥ ಪ್ರಶ್ನೆಗಳನ್ನು ಪತ್ತೆ ಹಚ್ಚುವ ಸುಲಭದ ದಾರಿಯೆಂದರೆ, ಕಥೆ ಓದದ ಒಬ್ಬರಿಗೆ ಪ್ರಶ್ನೆಗಳನ್ನಷ್ಟೇ ಕೊಡುವುದು. ಅವರು ಉತ್ತರಿಸಬಲ್ಲ ಪ್ರಶ್ನೆಯನ್ನು ಹೊಡೆದುಹಾಕಿ.

ಊಹೆಯ ಪ್ರಶ್ನೆಗಳಿಗೆ ನಾಲ್ಕು ಆಯ್ಕೆ ಕೊಡಬೇಡಿ. ಸರಿಯುತ್ತರ ಕಣ್ಣೆದುರು ಅಚ್ಚಾಗಿದ್ದರೆ ಮಗು ಊಹಿಸುವುದಿಲ್ಲ, ಆರಿಸುತ್ತದೆ. ತಿದ್ದುವ ಶ್ರಮ ಹೆಚ್ಚಾದರೂ ಎರಡು ಗೆರೆ ಬಿಟ್ಟು ಬರೆಯಲು ಹೇಳಿ.

ಹಂತ 4: ಉತ್ತರ ಸೂಚಿ

ಪ್ರತಿ ಊಹೆಯ ಪ್ರಶ್ನೆಗೆ ಎರಡು ಅಂಕ: ಉತ್ತರಕ್ಕೆ ಒಂದು, ಆಧಾರಕ್ಕೆ ಒಂದು. ಸೂಚಿಯಲ್ಲಿ ಒಂದೇ ಮಾದರಿ ಉತ್ತರ ಬರೆದು ಕೈತೊಳೆದುಕೊಂಡರೆ, ಬೇರೆ ಮಾತಿನಲ್ಲಿ ಸರಿಯಾಗಿ ಬರೆದ ಮಗುವಿಗೆ ಅನ್ಯಾಯವಾಗುತ್ತದೆ. ನಾಲ್ಕನೇ ಪ್ರಶ್ನೆ ನೋಡಿ. ‘ಮಂತ್ರ ಇರಲಿಲ್ಲ. ಇದ್ದಿದ್ದರೆ ಸೋಮ ಕತ್ತರಿಸಿದ ಕೋಲು ಒಂದು ಬೆರಳು ಬೆಳೆದು ಉಳಿದವುಗಳ ಸಮಕ್ಕೆ ಬರಬೇಕಿತ್ತು, ಅದು ಗಿಡ್ಡವಾಗೇ ಇತ್ತು’ ಎಂದರೆ ಎರಡೂ ಅಂಕ. ‘ಮಂತ್ರ ಅನ್ನೋದು ಎಲ್ಲೂ ಇಲ್ಲ’ ಎಂದರೆ ಒಂದೇ ಅಂಕ, ಮಗು ತನಗೆ ಮೊದಲೇ ಗೊತ್ತಿದ್ದದ್ದನ್ನು ಹೇಳಿತೇ ಹೊರತು ಕಥೆಯನ್ನು ಬಳಸಲಿಲ್ಲ. ‘ಇತ್ತು, ಅಜ್ಜಿ ಹಾಗೆ ಹೇಳಿದಳು’ ಎಂದರೆ ಅಂಕವಿಲ್ಲ, ಆದರೆ ಆ ಹಾಳೆಯನ್ನು ಬೇರೆ ಎತ್ತಿಡಿ. ಪಾತ್ರ ಹೇಳಿದ್ದೆಲ್ಲ ನಿಜ ಎಂದು ಓದುವ ಮಕ್ಕಳು ಯಾರು ಎಂದು ಅದರಿಂದ ತಿಳಿಯುತ್ತದೆ, ಮರುದಿನ ಅವರೊಂದಿಗೆ ಕೂರಬೇಕಾದದ್ದು ಆ ಒಂದೇ ವಿಷಯಕ್ಕೆ.

ಐದನೆಯದಕ್ಕೆ ‘ನಾಲ್ಕೂ ಸಮವಾಗಿ ಕಾಣುತ್ತಿದ್ದವು, ಯಾರೆಂದು ಗೊತ್ತಾಗುತ್ತಿರಲಿಲ್ಲ’ ಎಂಬ ಅರ್ಥ ಬಂದರೆ ಸಾಕು. ‘ಅಜ್ಜಿ ಬೇರೆ ಉಪಾಯ ಮಾಡುತ್ತಿದ್ದಳು’ ಎಂದು ಬರೆದವರು ಕಥೆ ದಾಟಿ ಹೋಗಿದ್ದಾರೆ. ಪ್ರಶ್ನೆ ಕೇಳಿದ್ದು ಏನು ಕಾಣುತ್ತಿತ್ತು ಎಂದು.

ಹಂತ 5: ನಾಲ್ಕು ಮಕ್ಕಳ ಮುಂದಿಡುವುದು

ಅಚ್ಚು ಹಾಕಿಸುವ ಮೊದಲು ನಾಲ್ಕೈದು ಮಕ್ಕಳಿಗೆ ಕೊಟ್ಟು, ಪ್ರತಿ ಉತ್ತರಕ್ಕೂ ‘ಎಲ್ಲಿದೆ, ಬೆರಳಿಟ್ಟು ತೋರಿಸು’ ಎನ್ನಿ. ಒಂದೇ ಸಾಲಿನ ಮೇಲೆ ಬೆರಳಿಟ್ಟು ಉತ್ತರ ಓದಿಬಿಟ್ಟರೆ ಅದು ಊಹೆಯ ಪ್ರಶ್ನೆಯಲ್ಲ. ಎರಡು ಕಡೆ ಬೆರಳು ಓಡಾಡಿದರೆ ಸರಿಯಿದೆ. ಎಲ್ಲೂ ಇಡಲಾಗದೆ ನಿಮ್ಮ ಮುಖ ನೋಡಿದರೆ ಸುಳಿವು ಸಾಲದು, ಎರಡನೇ ಹಂತಕ್ಕೆ ಹಿಂದಿರುಗಿ.

ನನ್ನ ಪಾಠದಲ್ಲಿ ಅಗಳಿಯ ಸಾಲು ಮೊದಲು ಇರಲಿಲ್ಲ. ನಾಲ್ವರೂ ಒಂದೇ ಹಜಾರದಲ್ಲಿ ಮಲಗಿದ್ದರು. ಮೂರನೇ ಪ್ರಶ್ನೆಗೆ ಒಬ್ಬ ಹುಡುಗಿ ‘ಸೋಮ ಓದುತ್ತಿದ್ದ’ ಎಂದು ಬರೆದಳು. ಕೇಳಿದ್ದಕ್ಕೆ, “ಸಾರ್, ಕೋಲು ಮೂಲೆಯಲ್ಲಿ ಒರಗಿಸಿದ್ರಲ್ಲ. ಕದ್ದವನು ತನ್ನ ಕೋಲು ಕತ್ತರಿಸಿ, ಸೋಮನ ಕೋಲಿನ ಜೊತೆ ಬದಲಾಯಿಸಿರಬಹುದಲ್ವಾ?” ಎಂದಳು. ಮತ್ತೆ ಓದಿ ನೋಡಿದೆ. ಅವಳ ಮಾತನ್ನು ತಡೆಯುವ ಒಂದು ಪದವೂ ಕಥೆಯಲ್ಲಿ ಇರಲಿಲ್ಲ. ಅವಳಿಗೆ ಎರಡು ಅಂಕ ಕೊಟ್ಟು, ಕೋಣೆಗಳನ್ನೂ ಹೊರಗಿನ ಅಗಳಿಯನ್ನೂ ಅಂದು ಸಂಜೆಯೇ ಸೇರಿಸಿದೆ.